ಎಂಬಿಎ ಅಥವಾ ಕೆಲಸ: ಬಿಕಾಂ ಮುಗಿಸಿದವರು ಸೀಟಿಗೆ ಹಣ ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

ಸ್ನಾತಕೋತ್ತರ ಪದವಿಯ ಅತಿ ದೊಡ್ಡ ಖರ್ಚುಗಳಲ್ಲಿ ಒಂದಕ್ಕೆ ಯಾವ ಕಾಲೇಜೂ ರಸೀದಿ ಕೊಡುವುದಿಲ್ಲ. ಓದುವ ಆ ಎರಡು ವರ್ಷ ದುಡಿದಿದ್ದರೆ ಕೈಗೆ ಬರುತ್ತಿದ್ದ ಸಂಬಳವೇ ಆ ಖರ್ಚು. ಅರ್ಥಶಾಸ್ತ್ರದ ಪಠ್ಯದಲ್ಲಿ ಇದನ್ನು ‘ಅವಕಾಶ ವೆಚ್ಚ’ ಎಂದು ಕಲಿತು, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಬಂದವರೇ ತಮ್ಮ ಬದುಕಿನ ಮೊದಲ ದೊಡ್ಡ ತೀರ್ಮಾನದಲ್ಲಿ ಅದನ್ನು ಮರೆತುಬಿಡುತ್ತಾರೆ. ಮನೆಯಲ್ಲಿ ಚರ್ಚೆ ನಡೆಯುವುದೆಲ್ಲ ಶುಲ್ಕದ ಸುತ್ತ. ಶುಲ್ಕ ಹೊಂದಿಸಲು ಸಾಧ್ಯವೆಂದಾದರೆ ಮಾತು ಮುಗಿಯಿತು, ಮಗಳು ಎಂಬಿಎಗೆ ಸೇರಿದಳು.

ದಕ್ಷಿಣ ಕನ್ನಡ ಮತ್ತು ಉಡುಪಿ, ಕರಾವಳಿಯ ಈ ಎರಡು ಜಿಲ್ಲೆಗಳಲ್ಲಿ ವಾಣಿಜ್ಯ ಓದುವವರ ಸಂಖ್ಯೆ ದೊಡ್ಡದು. ಬಿಕಾಂ ಕೊನೆಯ ಸೆಮಿಸ್ಟರ್‌ನಲ್ಲಿ ಅವರಲ್ಲಿ ಅನೇಕರ ಮುಂದೆ ಎರಡು ದಾರಿಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ. ಒಂದು, ಮಂಗಳೂರಿನ ಯಾವುದಾದರೂ ಲೆಕ್ಕಪತ್ರ ಅಥವಾ ಬ್ಯಾಕ್ ಆಫೀಸ್ ಸಂಸ್ಥೆಯಲ್ಲಿ ಕೆಲಸ. ಇನ್ನೊಂದು, ಖಾಸಗಿ ಕಾಲೇಜಿನಲ್ಲಿ ಎಂಬಿಎ. ಈ ಒಂದೇ ಸಂದರ್ಭವನ್ನು ಹಿಡಿದು ಕೊನೆಯವರೆಗೆ ಲೆಕ್ಕ ಹಾಕಿ ನೋಡೋಣ. ಇಲ್ಲಿನ ಸಂಬಳ ಮತ್ತು ಶುಲ್ಕದ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಓದುವವರು ತಮ್ಮ ಕೈಯಲ್ಲಿರುವ ಪತ್ರಗಳನ್ನು ನೋಡಿ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಲೆಕ್ಕದ ದಾರಿ ಎಲ್ಲರಿಗೂ ಒಂದೇ.

ಎರಡು ವರ್ಷಕ್ಕೆ ನಿಜವಾಗಿ ಆಗುವ ಖರ್ಚು

ಉಡುಪಿಯ ಒಬ್ಬ ಹುಡುಗಿ, ವಯಸ್ಸು 21. ತಿಂಗಳಿಗೆ 20,000 ರೂಪಾಯಿ ಕೈಗೆ ಬರುವ ಕೆಲಸ ಸಿಕ್ಕಿದೆ. ವರ್ಷಕ್ಕೆ ಶೇಕಡ 8ರಷ್ಟು ಸಂಬಳ ಏರುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ವರ್ಷ 2.40 ಲಕ್ಷ, ಎರಡನೆಯ ವರ್ಷ 2.59 ಲಕ್ಷ. ಎಂಬಿಎಗೆ ಸೇರಿದರೆ ಈ 4.99 ಲಕ್ಷ ಅವಳಿಗೆ ಬರುವುದಿಲ್ಲ.

ಕಾಲೇಜಿನ ಶುಲ್ಕ ವರ್ಷಕ್ಕೆ 3 ಲಕ್ಷ. ಲ್ಯಾಪ್‌ಟಾಪ್, ಪ್ರಾಜೆಕ್ಟ್, ಕೈಗಾರಿಕಾ ಭೇಟಿ, ಪರೀಕ್ಷಾ ಶುಲ್ಕ ಎಂದು ವರ್ಷಕ್ಕೆ ಇನ್ನೂ 25,000 ಸೇರಿಸೋಣ. ಅಲ್ಲಿಗೆ ಎರಡು ವರ್ಷಕ್ಕೆ 6.5 ಲಕ್ಷ. ಊಟ, ಬಟ್ಟೆ, ಉಡುಪಿ–ಮಂಗಳೂರು ಬಸ್ಸಿನ ಖರ್ಚನ್ನು ಇದಕ್ಕೆ ಸೇರಿಸಬಾರದು. ಕೆಲಸಕ್ಕೆ ಹೋದರೂ ಅವಳು ಊಟ ಮಾಡಲೇಬೇಕು, ಬಸ್ಸು ಹತ್ತಲೇಬೇಕು. ಎರಡೂ ದಾರಿಯಲ್ಲಿ ಸಮನಾಗಿ ಬೀಳುವ ಖರ್ಚು ತೀರ್ಮಾನವನ್ನು ಅತ್ತಿತ್ತ ಮಾಡುವುದಿಲ್ಲ. ಹಾಸ್ಟೆಲಿನಲ್ಲಿ ಉಳಿಯುವುದಾದರೆ ಮಾತ್ರ ಮನೆಯಲ್ಲಿದ್ದರೆ ಆಗುತ್ತಿದ್ದ ಖರ್ಚಿಗಿಂತ ಹೆಚ್ಚಾಗುವ ಭಾಗವನ್ನು ಸೇರಿಸಬೇಕು.

ಹೀಗೆ ಒಟ್ಟು ಸುಮಾರು 11.5 ಲಕ್ಷ. ಮನೆಯವರ ಬಾಯಲ್ಲಿರುವ ಅಂಕಿ 6 ಲಕ್ಷ. ಅದರ ಹತ್ತಿರ ಹತ್ತಿರ ಎರಡು ಪಟ್ಟು ನಿಜವಾದ ಖರ್ಚು.

ಎಣಿಸಬೇಕಾದ ಅಂತರ ಯಾವುದು

ಈಗ ಲಾಭದ ಕಡೆ. ಎಂಬಿಎ ಮುಗಿಸಿದ ಮೇಲೆ ಅವಳಿಗೆ ತಿಂಗಳಿಗೆ 30,000 ರೂಪಾಯಿ ಕೈಗೆ ಬರುವ ಕೆಲಸ ಸಿಗುತ್ತದೆ ಎಂದುಕೊಳ್ಳೋಣ. ಇಲ್ಲಿ ಬಹುಮಂದಿ ಒಂದು ತಪ್ಪು ಮಾಡುತ್ತಾರೆ. 30,000ದಿಂದ 20,000 ಕಳೆದು, ಲಾಭ ತಿಂಗಳಿಗೆ 10,000 ಎನ್ನುತ್ತಾರೆ. ಆದರೆ ಕೆಲಸಕ್ಕೆ ಸೇರಿದ್ದರೆ ಅವಳು ಮೂರನೆಯ ವರ್ಷದಲ್ಲೂ 20,000ದಲ್ಲೇ ಇರುತ್ತಿರಲಿಲ್ಲ. ಎರಡು ಬಾರಿ ಸಂಬಳ ಏರಿ 23,300 ಆಗಿರುತ್ತಿತ್ತು. ಹೋಲಿಸಬೇಕಾದದ್ದು ಎಂಬಿಎ ಮುಗಿಸಿದವಳನ್ನೂ ಎರಡು ವರ್ಷ ಅನುಭವವಿರುವ ಬಿಕಾಂ ಪದವೀಧರೆಯನ್ನೂ. ಅವರಿಬ್ಬರ ನಡುವಿನ ಅಂತರ ತಿಂಗಳಿಗೆ ಸುಮಾರು 6,700, ವರ್ಷಕ್ಕೆ 80,000.

11.5 ಲಕ್ಷ ಹಾಕಿ, ವರ್ಷಕ್ಕೆ 80,000ದಿಂದ ಶುರುವಾಗುವ ಹೆಚ್ಚುವರಿ ಆದಾಯ ಪಡೆಯುತ್ತೇವೆ. ಅಂತರವೂ ವರ್ಷಕ್ಕೆ ಶೇಕಡ 8ರಂತೆ ಬೆಳೆಯುತ್ತದೆ ಎಂದುಕೊಂಡು ಸುಮ್ಮನೆ ಕೂಡುತ್ತಾ ಹೋದರೆ ಹಾಕಿದ್ದು ಹಿಂದಿರುಗಲು ಹತ್ತು ವರ್ಷ ಬೇಕು. ಈ ಕೂಡಿಕೆಯೂ ಪೂರ್ತಿ ಸರಿಯಲ್ಲ. ಇಂದು ಕೊಡುವ ರೂಪಾಯಿ ಮತ್ತು ಹತ್ತು ವರ್ಷದ ನಂತರ ಬರುವ ರೂಪಾಯಿಯನ್ನು ಒಂದೇ ತಕ್ಕಡಿಯಲ್ಲಿ ಇಟ್ಟಂತಾಯಿತು.

ಇದನ್ನು ನಮ್ಮ ಊರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯ, ಹೀಗೆ ಐದು ಬ್ಯಾಂಕುಗಳು 1906ರಿಂದ 1931ರ ಒಳಗೆ ಹುಟ್ಟಿದ್ದು ಈ ಮಂಗಳೂರು–ಉಡುಪಿಯಲ್ಲೇ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಬೇಗ ಕೈಸೇರಿದ ಹಣಕ್ಕೆ ಬೆಳೆಯಲು ಹೆಚ್ಚು ಕಾಲ ಸಿಗುತ್ತದೆ ಎಂಬುದು ಪಿಗ್ಮಿ ಕಟ್ಟಿದ ಅಜ್ಜಿಗೂ ಗೊತ್ತಿತ್ತು. ಎಂಬಿಎ ಲೆಕ್ಕದಲ್ಲಿ ಖರ್ಚೆಲ್ಲ ಮೊದಲು, ಆದಾಯವೆಲ್ಲ ಆಮೇಲೆ. ಹಾಗಾಗಿ ಬಡ್ಡಿ ಪೂರ್ತಿಯಾಗಿ ನಮ್ಮ ವಿರುದ್ಧ ಕೆಲಸ ಮಾಡುತ್ತದೆ. ಅಪ್ಪನ ನಿಶ್ಚಿತ ಠೇವಣಿ ಮುರಿದು ಶುಲ್ಕ ಕಟ್ಟಿದರೂ ಇದು ತಪ್ಪುವುದಿಲ್ಲ. ಆ ಠೇವಣಿಗೆ ಬರಬೇಕಿದ್ದ ಬಡ್ಡಿ ನಿಂತುಹೋಗುತ್ತದಲ್ಲ.

ಬಡ್ಡಿಯನ್ನು ಸೇರಿಸಿಯೂ ಲೆಕ್ಕ ಸುಲಭವಾಗಿರಲು ಒಂದು ಉಪಾಯವಿದೆ. ಹಣದ ಬಡ್ಡಿಯೂ ಸಂಬಳದ ಏರಿಕೆಯೂ ಎರಡೂ ಶೇಕಡ 8 ಎಂದಿಟ್ಟುಕೊಳ್ಳಿ. ಈ ವರ್ಷದ 80,000ದ ಅಂತರ ಮುಂದಿನ ವರ್ಷ 86,400 ಆಗುತ್ತದೆ. ಆದರೆ ಅದು ಒಂದು ವರ್ಷ ತಡವಾಗಿ ಬರುವುದರಿಂದ ಇಂದಿನ ಬೆಲೆಯಲ್ಲಿ ಮತ್ತೆ 80,000ವೇ. ಅದರ ಮುಂದಿನ ವರ್ಷದ್ದೂ ಅಷ್ಟೇ. ಏರಿಕೆ ಮತ್ತು ಬಡ್ಡಿ ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವುದು ಬರೀ ಭಾಗಾಕಾರ.

ಖರ್ಚನ್ನು ಮಾತ್ರ ಓದು ಮುಗಿಯುವ ಹೊತ್ತಿಗೆ ಬೆಳೆಸಿಕೊಳ್ಳಬೇಕು. ಮೊದಲ ವರ್ಷದ ಖರ್ಚು 5.65 ಲಕ್ಷ, ಎರಡು ವರ್ಷದ ಬಡ್ಡಿ ಸೇರಿ 6.59 ಲಕ್ಷ. ಎರಡನೆಯ ವರ್ಷದ 5.84 ಲಕ್ಷ ಒಂದು ವರ್ಷದ ಬಡ್ಡಿ ಸೇರಿ 6.31 ಲಕ್ಷ. ಒಟ್ಟು 12.9 ಲಕ್ಷ. ಅದನ್ನು 80,000ದಿಂದ ಭಾಗಿಸಿದರೆ 16. ಎಂಬಿಎ ಮುಗಿಸಿ ಹದಿನಾರು ವರ್ಷ ದುಡಿದ ಮೇಲೆ, ಸುಮಾರು 39ನೆಯ ವಯಸ್ಸಿನಲ್ಲಿ, ಅವಳು ಕೆಲಸಕ್ಕೆ ಸೇರಿದ್ದ ಗೆಳತಿಯ ಸಮಕ್ಕೆ ಬರುತ್ತಾಳೆ.

ಈ ಭಾಗಾಕಾರವನ್ನು ತಿರುಗಿಸಿ ಹಾಕಿದಾಗ ಅದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಂಟು ವರ್ಷದಲ್ಲಿ ಹಣ ಹಿಂದಿರುಗಬೇಕು ಎಂದು ಮನೆಯವರು ನಿರ್ಧರಿಸಿದರೆ, 12.9 ಲಕ್ಷವನ್ನು ಎಂಟರಿಂದ ಭಾಗಿಸಿ. ವರ್ಷಕ್ಕೆ 1.61 ಲಕ್ಷ, ತಿಂಗಳಿಗೆ 13,400ರ ಅಂತರ ಬೇಕು. ಅಂದರೆ ಎಂಬಿಎ ಮುಗಿದ ಕೂಡಲೇ ಸಿಗುವ ಕೆಲಸದಲ್ಲಿ 36,700 ರೂಪಾಯಿ ಕೈಗೆ ಬರಬೇಕು. ಐದು ವರ್ಷದಲ್ಲಿ ಬೇಕೆಂದರೆ 44,800. ಈಗ ‘ಎಂಬಿಎ ಒಳ್ಳೆಯದೋ ಅಲ್ಲವೋ’ ಎಂಬ ತಲೆಬುಡವಿಲ್ಲದ ಪ್ರಶ್ನೆ ಮಾಯವಾಯಿತು. ಅದರ ಜಾಗದಲ್ಲಿ ಉತ್ತರ ಹುಡುಕಬಹುದಾದ ಪ್ರಶ್ನೆ ಬಂತು: ಈ ಕಾಲೇಜಿನಿಂದ ಹೊರಬರುವ ಸಾಧಾರಣ ವಿದ್ಯಾರ್ಥಿಗೆ 36,700 ರೂಪಾಯಿ ಕೈಗೆ ಬರುತ್ತದೆಯೇ?

ಕಾಲೇಜಿನ ಅಂಕಿಗಳನ್ನು ಓದುವುದು ಹೇಗೆ

ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಅತಿ ಹೆಚ್ಚಿನ ಪ್ಯಾಕೇಜ್. ಅದನ್ನು ಬಿಟ್ಟುಬಿಡಿ, ಅದು ಒಬ್ಬರ ಕಥೆ. ಅದರ ಕೆಳಗೆ ಸರಾಸರಿ ಇರುತ್ತದೆ. ಅದನ್ನೂ ಹಾಗೆಯೇ ನಂಬುವಂತಿಲ್ಲ. ಹತ್ತು ವಿದ್ಯಾರ್ಥಿಗಳಿದ್ದಾರೆ ಎನ್ನೋಣ. ಅವರ ವಾರ್ಷಿಕ ಪ್ಯಾಕೇಜ್ ಲಕ್ಷಗಳಲ್ಲಿ 18, 8, 4.5, 4.2, 4, 3.8, 3.6, 3.6, 3.3, 3. ಸರಾಸರಿ 5.6 ಲಕ್ಷ. ಹತ್ತರಲ್ಲಿ ಎಂಟು ಮಂದಿ ಆ ಸರಾಸರಿಗಿಂತ ಕೆಳಗಿದ್ದಾರೆ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವರ ಪ್ಯಾಕೇಜ್, ಅಂದರೆ ಮೀಡಿಯನ್, 3.9 ಲಕ್ಷ. ನಮಗೆ ಬೇಕಾದ ಅಂಕಿ ಅದು.

ಅದು ಸಿಗುವ ಜಾಗವೂ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆಗಳು, ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಕಾಲಕ್ಕೆ ಸರಿಯಾಗಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು ಎಂಬುದನ್ನು ವರ್ಷವಾರು ಸಲ್ಲಿಸುತ್ತವೆ. ಆ ಕಡತ ಸಾಮಾನ್ಯವಾಗಿ ಕಾಲೇಜಿನ ಜಾಲತಾಣದ ಯಾವುದೋ ಮೂಲೆಯಲ್ಲಿ ಇರುತ್ತದೆ. ಇವೂ ಸಂಸ್ಥೆಯೇ ಕೊಟ್ಟ ಅಂಕಿಗಳು ಎಂಬುದು ನೆನಪಿರಲಿ. ಆದರೂ ಕರಪತ್ರಕ್ಕಿಂತ ಇದು ಎಷ್ಟೋ ಮೇಲು. ಕೆಲಸ ಸಿಕ್ಕಿದವರ ಸಂಖ್ಯೆಯನ್ನು ಸೇರಿದವರ ಸಂಖ್ಯೆಯಿಂದ ಭಾಗಿಸಿ ನೋಡಿ. ‘ನೋಂದಾಯಿಸಿದ ಅರ್ಹ ವಿದ್ಯಾರ್ಥಿಗಳಲ್ಲಿ ಶೇಕಡ 95’ ಎಂದು ಹೇಳಿಕೊಳ್ಳುವ ಕಾಲೇಜಿನಲ್ಲಿ ನೋಂದಾಯಿಸದೇ ಉಳಿದವರು ಎಷ್ಟು ಎಂಬುದು ಆಗ ಗೊತ್ತಾಗುತ್ತದೆ.

ಇನ್ನೊಂದು ಬಲೆ ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. 4.2 ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ 35,000 ಎಂದು ಮನಸ್ಸು ಕೂಡಲೇ ಲೆಕ್ಕ ಹಾಕುತ್ತದೆ. ಅದರಲ್ಲಿ ಮೂಲ ವೇತನ 15,000 ಇದ್ದರೆ ಕಂಪನಿಯ ಪಾಲಿನ ಭವಿಷ್ಯ ನಿಧಿ 1,800, ನಿಮ್ಮ ಪಾಲಿನದು 1,800, ಗ್ರಾಚ್ಯುಟಿಗೆಂದು ಸುಮಾರು 720. ಸಾಧನೆ ನೋಡಿ ಕೊಡುವ ಭಾಗ ಶೇಕಡ 10 ಇದ್ದರೆ ಇನ್ನೊಂದು 3,500. ಮೇಲೆ ವೃತ್ತಿ ತೆರಿಗೆ 200. ಬ್ಯಾಂಕ್ ಖಾತೆಗೆ ಬಂದು ಬೀಳುವುದು 27,000ದ ಆಸುಪಾಸು. ಭವಿಷ್ಯ ನಿಧಿ ನಿಮ್ಮದೇ ಹಣ, ನಿಜ. ಆದರೆ ಸಾಲದ ಕಂತು ಅದರಿಂದ ಕಟ್ಟಲಾಗುವುದಿಲ್ಲ. ಎರಡೂ ಕೆಲಸಗಳನ್ನು ಕೈಗೆ ಬರುವ ಸಂಬಳದಲ್ಲೇ ಹೋಲಿಸಿ. ಒಂದನ್ನು ಕೈಗೆ ಬರುವ ಲೆಕ್ಕದಲ್ಲಿಯೂ ಇನ್ನೊಂದನ್ನು ಸಿಟಿಸಿಯಲ್ಲಿಯೂ ಇಟ್ಟರೆ ಎಂಬಿಎ ಯಾವಾಗಲೂ ಗೆಲ್ಲುತ್ತದೆ.

ಕರಾವಳಿಯವರು ಮುಖ್ಯವಾಗಿ ನೋಡಬೇಕಾದದ್ದು ಕೆಲಸ ಇರುವ ಊರು. ಎಂಬಿಎ ಮುಗಿಸಿದವರಿಗೆ ಬರುವ ಒಳ್ಳೆಯ ಕೆಲಸಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ಅಲ್ಲಿ 44,800 ರೂಪಾಯಿ ಸಿಕ್ಕಿತು ಎನ್ನೋಣ. ನಮ್ಮ ಲೆಕ್ಕದ ಪ್ರಕಾರ ಐದೇ ವರ್ಷಕ್ಕೆ ಹಣ ಹಿಂದಿರುಗಬೇಕು. ಆದರೆ ಪಿಜಿ ಅಥವಾ ಕೋಣೆಯ ಬಾಡಿಗೆ, ಊಟಕ್ಕೆ ತಿಂಗಳಿಗೆ 14,000 ಹೆಚ್ಚಾಗಿ ಖರ್ಚಾದರೆ ಉಳಿಯುವುದು 30,800. ಉಡುಪಿಯ ಅಪ್ಪನ ಮನೆಯಲ್ಲಿ ಉಂಡು ಮಂಗಳೂರಿನ ಕೆಲಸಕ್ಕೆ ಹೋಗಿಬರುವವಳ ಜೊತೆ ಹೋಲಿಸುವಾಗ ಅದು ನಾವು ಮೊದಲು ಹಿಡಿದ 30,000ದ ಕೆಲಸಕ್ಕೇ ಸಮ. ಬೆಂಗಳೂರಿನಲ್ಲಿ ಮುಂದೆ ಸಂಬಳ ಬೇಗ ಏರಬಹುದು, ಕೆಲಸ ಬದಲಿಸುವುದೂ ಸುಲಭ. ಆ ಲಾಭ ನಿಜವಾದದ್ದೇ. ಆದರೆ ಬಿಕಾಂ ಮುಗಿಸಿದವಳೂ ಎರಡು ವರ್ಷದ ಅನುಭವದೊಂದಿಗೆ ಅದೇ ಬೆಂಗಳೂರಿಗೆ ಹೋಗಬಹುದಿತ್ತು ಎಂಬುದನ್ನು ಮರೆಯಬಾರದು.

ಕಂಪನಿಗಳು ಎಂಬಿಎಗೆ ಹೆಚ್ಚು ಕೊಡುವುದಾದರೂ ಏಕೆ? 1992ರಲ್ಲಿ ನೊಬೆಲ್ ಪಡೆದ ಗ್ಯಾರಿ ಬೆಕರ್ ಶಿಕ್ಷಣವನ್ನು ಯಂತ್ರಕ್ಕೆ ಹಾಕುವ ಬಂಡವಾಳದಂತೆ ನೋಡಿದರು. ಕಲಿತದ್ದು ದುಡಿಮೆಯ ಶಕ್ತಿ ಹೆಚ್ಚಿಸುತ್ತದೆ, ಅದಕ್ಕೆ ಬೆಲೆ ಸಿಗುತ್ತದೆ. 2001ರಲ್ಲಿ ಅದೇ ಪ್ರಶಸ್ತಿ ಹಂಚಿಕೊಂಡ ಮೈಕೆಲ್ ಸ್ಪೆನ್ಸ್ ಇನ್ನೊಂದು ಕಾರಣ ತೋರಿಸಿದರು. ಪದವಿ ಒಂದು ಗುರುತು. ಅದನ್ನು ಪಡೆಯಲು ಯಾರಿಗೆ ಸಾಧ್ಯವಾಯಿತು ಎಂಬುದನ್ನು ನೋಡಿ ಕಂಪನಿ ಒಳಗಿನ ಸಾಮರ್ಥ್ಯವನ್ನು ಊಹಿಸುತ್ತದೆ. ಈ ಎರಡನೆಯ ಮಾತು ನಮ್ಮ ತೀರ್ಮಾನಕ್ಕೆ ಬಹಳ ಹತ್ತಿರದ್ದು. ಕಠಿಣ ಪ್ರವೇಶ ಪರೀಕ್ಷೆ ದಾಟಿ ಸೇರಬೇಕಾದ ಸಂಸ್ಥೆಯ ಪದವಿಗೆ ಕಂಪನಿ ಬೆಲೆ ಕೊಡುತ್ತದೆ, ಏಕೆಂದರೆ ಸೋಸುವ ಕೆಲಸ ಅಲ್ಲಿ ಆಗಲೇ ನಡೆದಿರುತ್ತದೆ. ಹಣ ಕಟ್ಟಿದವರಿಗೆಲ್ಲ ಸೀಟು ಕೊಡುವ ಕಾಲೇಜಿನ ಪದವಿಯಿಂದ ಕಂಪನಿಗೆ ಹೊಸದಾಗಿ ತಿಳಿಯುವುದು ಕಡಿಮೆ. ಹೆಸರು ಒಂದೇ ಆದರೂ ಎರಡು ಎಂಬಿಎಗಳ ನಡುವೆ ಸಂಬಳದಲ್ಲಿ ಆಕಾಶ ಭೂಮಿಯ ಅಂತರವಿರುವುದಕ್ಕೆ ಇದು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ಸೀಟು ತೀರಾ ಸುಲಭವಾಗಿ ಸಿಕ್ಕಿದರೆ ಸಂತೋಷಪಡುವುದಕ್ಕಿಂತ ಎಚ್ಚರಗೊಳ್ಳುವುದು ಒಳ್ಳೆಯದು.

ಸಾಲ ತೆಗೆದರೆ ತಿಂಗಳ ಕೊನೆಗೆ ಉಳಿಯುವುದು

ಹದಿನಾರು ವರ್ಷ ಎಂಬುದು ಕಾಗದದ ಮೇಲಿನ ಮಾತು. ಮನೆಗೆ ತಟ್ಟುವುದು ತಿಂಗಳ ಲೆಕ್ಕ. ಅದೇ ಹುಡುಗಿ ಶುಲ್ಕದ 6 ಲಕ್ಷವನ್ನು ಶೇಕಡ 10.5ರ ಬಡ್ಡಿಯ ಶೈಕ್ಷಣಿಕ ಸಾಲವಾಗಿ ಪಡೆಯುತ್ತಾಳೆ ಎನ್ನೋಣ. ಬ್ಯಾಂಕುಗಳು ಸಾಮಾನ್ಯವಾಗಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕೇಳುವುದಿಲ್ಲ. ಕಂತು ಇಲ್ಲ ಎಂದಮಾತ್ರಕ್ಕೆ ಬಡ್ಡಿ ಇಲ್ಲ ಎಂದಲ್ಲ. ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ 3 ಲಕ್ಷಕ್ಕೆ ಮೂರು ವರ್ಷ, ಎರಡನೆಯ 3 ಲಕ್ಷಕ್ಕೆ ಎರಡು ವರ್ಷ, ಒಟ್ಟು 1.57 ಲಕ್ಷ ಬಡ್ಡಿ. ಕಂತು ಶುರುವಾಗುವ ದಿನ ಸಾಲ 7.57 ಲಕ್ಷ ಆಗಿರುತ್ತದೆ. ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 12,770 ರೂಪಾಯಿ ಕಂತು.

ಆ ಹೊತ್ತಿಗೆ ಅವಳ ಸಂಬಳ 32,400. ಕಂತು ಕಳೆದು ಕೈಯಲ್ಲಿ ಉಳಿಯುವುದು 19,600. ಎಂಬಿಎ ಮಾಡದೆ ಕೆಲಸಕ್ಕೆ ಸೇರಿದ್ದರೆ ಅದೇ ತಿಂಗಳು ಅವಳಿಗೆ 25,200 ಬರುತ್ತಿತ್ತು. ಎಂಬಿಎಯಿಂದ ಬಂದ ಅಂತರ 7,200, ಎಂಬಿಎಗಾಗಿ ಕಟ್ಟುವ ಕಂತು 12,770. ಅಂತರ ವರ್ಷವರ್ಷ ಬೆಳೆದು ಕಂತಿನ ಏಳನೆಯ ವರ್ಷದಲ್ಲಿ 11,400 ಆಗುತ್ತದೆ. ಆಗಲೂ ಅದು ಕಂತಿಗಿಂತ ಕಡಿಮೆ. ಅಂದರೆ ಸಾಲ ತೀರುವವರೆಗಿನ ಏಳೂ ವರ್ಷ, ಸುಮಾರು 24ರಿಂದ 31ನೆಯ ವಯಸ್ಸಿನವರೆಗೆ, ಒಂದೇ ಒಂದು ತಿಂಗಳೂ ಅವಳ ಕೈಯಲ್ಲಿ ಬಿಕಾಂ ಗೆಳತಿಗಿಂತ ಹೆಚ್ಚು ಹಣ ಉಳಿಯುವುದಿಲ್ಲ. ಈ ಒಂದು ವಾಕ್ಯವನ್ನು ಕಾಲೇಜಿನ ಪ್ರವೇಶ ಕಚೇರಿಯಲ್ಲಿ ಯಾರಾದರೂ ಹೇಳಿದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ಸಾಲದಲ್ಲಿ ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾಗಿ ಸಹಿ ಹಾಕುತ್ತಾರೆ. ಕಂತು ತಪ್ಪಿದರೆ ಇಬ್ಬರ ಕ್ರೆಡಿಟ್ ಅಂಕವೂ ಕುಸಿಯುತ್ತದೆ. 7.5 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ. ಅದರ ಮೇಲೆ ಹೋದರೆ ಅಡಿಕೆ ತೋಟದ ಪತ್ರವೋ ಮನೆಯ ಪತ್ರವೋ ಬ್ಯಾಂಕಿನ ಕಪಾಟು ಸೇರುತ್ತದೆ. ಶ್ರೇಯಾಂಕದಲ್ಲಿ ಮೇಲಿರುವ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ 2024ರಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಅಡಮಾನವಿಲ್ಲದ ಸಾಲವಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗಿನ ಅವಧಿಯಲ್ಲಿ ಶೇಕಡ 3ರ ಬಡ್ಡಿ ರಿಯಾಯಿತಿಯನ್ನೂ ಕೇಳಬಹುದು. ಶೈಕ್ಷಣಿಕ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಎಂದು ಏಜೆಂಟರು ಹೇಳುವುದು ಸುಳ್ಳಲ್ಲ, ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಂಬಳದಾರರಿಗೆ ತೆರಿಗೆಯೇ ಬೀಳದಿರುವಾಗ, 30,000 ದುಡಿಯುವವಳಿಗೆ ಆ ವಿನಾಯಿತಿಯಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಲೆಕ್ಕ ತಲೆಕೆಳಗಾಗುವ ಸಂದರ್ಭಗಳು

ಇಷ್ಟು ಓದಿದವರು ಎಂಬಿಎ ಬೇಡವೇ ಬೇಡ ಎಂಬ ತೀರ್ಮಾನಕ್ಕೆ ಬರಬಾರದು. ಮೇಲಿನ ಫಲಿತಾಂಶವನ್ನು ಹಿಡಿದು ನಿಲ್ಲಿಸಿರುವ ಒಂದು ಊಹೆ ಇದೆ. ಕೆಲಸದಲ್ಲಿ ಸಂಬಳ ವರ್ಷಕ್ಕೆ ಶೇಕಡ 8ರಂತೆ ಏರುತ್ತದೆ ಎಂಬುದು. ಅದನ್ನು ಶೇಕಡ 3ಕ್ಕೆ ಇಳಿಸಿ ನೋಡಿ. ಐದು ವರ್ಷ ಒಂದೇ ಬಗೆಯ ಬಿಲ್ಲುಗಳನ್ನು ನಮೂದಿಸುತ್ತಾ ಕೂರುವ ಕೆಲಸದಲ್ಲಿ ಇದು ಅಪರೂಪವಲ್ಲ. ಆಗ ಎಂಬಿಎ ಮಾಡಿದವಳ ಜೊತೆಗಿನ ಅಂತರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ. ಅದೇ ಶುಲ್ಕ, ಅದೇ 30,000ದ ಎಂಬಿಎ ಕೆಲಸ, ಆದರೂ ಹಣ ಹಿಂದಿರುಗುವ ಕಾಲ ಹದಿನಾರರಿಂದ ಒಂಬತ್ತು ವರ್ಷಕ್ಕೆ ಇಳಿಯುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟ. ಎಂಬಿಎ ಕಾಲೇಜನ್ನು ವಿಚಾರಿಸುವಷ್ಟೇ ಗಂಭೀರವಾಗಿ ಕೈಯಲ್ಲಿರುವ ಕೆಲಸವನ್ನೂ ವಿಚಾರಿಸಬೇಕು. ಮೊದಲ ಸಂಬಳ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಅಲ್ಲಿ ಮೂರು ವರ್ಷ ಕಳೆದವರು ಈಗ ಯಾವ ಹುದ್ದೆಯಲ್ಲಿದ್ದಾರೆ, ಎಷ್ಟು ಪಡೆಯುತ್ತಿದ್ದಾರೆ, ಬಿಟ್ಟುಹೋದವರು ಎಲ್ಲಿಗೆ ಹೋದರು? ಮಂಗಳೂರು ಚಿಕ್ಕ ಊರು. ಕಾಲೇಜಿನ ಹಿರಿಯ ಅಕ್ಕನೋ ಅಣ್ಣನೋ ಆ ಕಚೇರಿಯಲ್ಲಿ ಇದ್ದೇ ಇರುತ್ತಾರೆ, ಒಂದು ಸಂಜೆ ಮಾತನಾಡಿದರೆ ತಿಳಿಯುತ್ತದೆ. ಕೆಲಸ ಏನನ್ನಾದರೂ ಕಲಿಸುತ್ತಿದ್ದರೆ, ತೆರಿಗೆ, ಲೆಕ್ಕಪರಿಶೋಧನೆ, ದತ್ತಾಂಶ ವಿಶ್ಲೇಷಣೆ ಏನಾದರೂ ಸರಿ, ಅದೇ ಸಂಬಳ ಕೊಟ್ಟು ಓದಿಸುವ ಕಾಲೇಜು.

ಶುಲ್ಕ ಕಡಿಮೆ ಇರುವ ದಾರಿಯಲ್ಲೂ ಒಂದು ಭ್ರಮೆ ಕಾದಿರುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿಯೋ ಸರ್ಕಾರಿ ಕಾಲೇಜಿನಲ್ಲಿಯೋ ಎಂಕಾಂ ಮಾಡಿದರೆ ವರ್ಷಕ್ಕೆ ಎಲ್ಲ ಸೇರಿ 30,000 ಆಗಬಹುದು ಎಂದಿಟ್ಟುಕೊಳ್ಳೋಣ. ಖರ್ಚೇ ಇಲ್ಲವಲ್ಲ ಎನಿಸುತ್ತದೆ. ಆದರೆ ಬಿಟ್ಟುಕೊಟ್ಟ ಸಂಬಳ ಇಲ್ಲೂ ಅಷ್ಟೇ ಇದೆ. ಅದೇ ರೀತಿ ಬಡ್ಡಿ ಸೇರಿಸಿದರೆ ಒಟ್ಟು 6.27 ಲಕ್ಷ. ಖಾಸಗಿ ಕಂಪನಿಯ ಕೆಲಸಕ್ಕೇ ಹೋಗುವುದಾದರೆ ಎಂಕಾಂ ತಂದುಕೊಡುವ ಅಂತರ ತಿಂಗಳಿಗೆ 3,000 ಎನ್ನೋಣ. ಹಣ ಹಿಂದಿರುಗಲು ಹದಿನೇಳು ವರ್ಷ. ದುಬಾರಿ ಎಂಬಿಎಗಿಂತ ಇದು ಒಂದು ವರ್ಷ ಹೆಚ್ಚೇ. ಶುಲ್ಕ ಕಡಿಮೆ ಎಂಬುದು ಸಾಲದ ಭಯವನ್ನು ತೆಗೆಯುತ್ತದೆ, ಎರಡು ವರ್ಷದ ಬೆಲೆಯನ್ನು ತೆಗೆಯುವುದಿಲ್ಲ.

ಎಂಕಾಂ ಮಾಡುವವರು ಅಧ್ಯಾಪಕರಾಗಬೇಕೆಂದು ಬಯಸಿದರೆ ಮಾತು ಬೇರೆ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯೇ ಬಾಗಿಲು. ಅದರ ಜೊತೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಯುಜಿಸಿ ಏಳನೆಯ ವೇತನ ಶ್ರೇಣಿಯಲ್ಲಿ ಆ ಹುದ್ದೆಯ ಆರಂಭಿಕ ಮೂಲ ವೇತನವೇ 57,700. ಅದು ಸಿಕ್ಕರೆ ಎರಡು ಮೂರು ವರ್ಷದಲ್ಲೇ ಎಲ್ಲವೂ ಹಿಂದಿರುಗುತ್ತದೆ. ಆದರೆ ಕಾಯಂ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ, ನಡುವಿನ ಕಾಲವನ್ನು ಅನೇಕರು ಅತಿಥಿ ಉಪನ್ಯಾಸಕರಾಗಿ ಕಳೆಯುತ್ತಾರೆ. ಹೀಗಿರುವಾಗ ಲೆಕ್ಕಕ್ಕೆ 57,700 ಎಂದು ಹಾಕಬಾರದು. ಆ ಹುದ್ದೆ ಸಿಗುವ ಸಾಧ್ಯತೆಯನ್ನೂ ಸಿಗದಿದ್ದರೆ ಬರುವ ಸಂಬಳವನ್ನೂ ಸೇರಿಸಿ ತೂಗಬೇಕು. ಮೊದಲ ಪ್ರಯತ್ನಗಳಲ್ಲೇ ನೆಟ್ ಪಾಸಾಗುವವರ ಲೆಕ್ಕವೇ ಬೇರೆ, ಉಳಿದವರ ಲೆಕ್ಕವೇ ಬೇರೆ.

ಎಂಜಿನಿಯರಿಂಗ್ ಮಾಡಿದವರಿಗೆ ಇಲ್ಲೇ ಹತ್ತಿರದಲ್ಲಿ ಇನ್ನೊಂದು ಉದಾಹರಣೆಯಿದೆ. ಗೇಟ್ ಮೂಲಕ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಎರಡು ವರ್ಷಕ್ಕೆ ಸುಮಾರು ಮೂರು ಲಕ್ಷ. ಪ್ರವೇಶ ಕಠಿಣ, ಆದ್ದರಿಂದ ಪದವಿಯ ಗುರುತಿಗೂ ಬೆಲೆ ಹೆಚ್ಚು. ಖರ್ಚು ಇಳಿಯಿತು, ಅಂತರ ಏರಿತು. ಇಂಥ ಸೀಟು ಸಿಕ್ಕಿದವರು ಸಾಧಾರಣ ಕೆಲಸವೊಂದಕ್ಕಾಗಿ ಅದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಣದಲ್ಲಿ ಅಳೆಯಲಾಗದ ಕಾರಣಗಳೂ ಇವೆ. ವಿಷಯದ ಮೇಲಿನ ಪ್ರೀತಿಗಾಗಿ ಓದುವವರು ಓದಲಿ. ಅದಕ್ಕೆ ಎಷ್ಟು ಖರ್ಚಾಗುತ್ತಿದೆ ಎಂದು ತಿಳಿದುಕೊಂಡು ಓದಿದರೆ ಸಾಕು. ನಮ್ಮ ಕೆಲವು ಮನೆಗಳಲ್ಲಿ ‘ಓದುತ್ತಿದ್ದಾಳೆ’ ಎಂಬ ಮಾತು ಹೆಣ್ಣುಮಕ್ಕಳಿಗೆ ಮದುವೆಯ ಒತ್ತಾಯದಿಂದ ಎರಡು ವರ್ಷ ಬಿಡುವು ಕೊಡುತ್ತದೆ. ‘ಕೆಲಸಕ್ಕೆ ಹೋಗುತ್ತಿದ್ದಾಳೆ’ ಎಂಬ ಮಾತಿಗೆ ಅಷ್ಟು ಬಲವಿಲ್ಲ. ಆ ಹುಡುಗಿಗೆ ಆ ಎರಡು ವರ್ಷದ ಬೆಲೆ ಯಾವ ಕೋಷ್ಟಕದಲ್ಲೂ ಹಿಡಿಸುವುದಿಲ್ಲ, ಅದನ್ನು ಅವಳೇ ತೂಗಬೇಕು. ಅಪ್ಪ ಅಮ್ಮ ಅವಳ ಸಂಬಳದ ಕೆಲಸಕ್ಕೂ ಅದೇ ಮರ್ಯಾದೆ ಕೊಟ್ಟರೆ ಸಾಲದ ಭಾರವಿಲ್ಲದೆಯೇ ಆ ಬಿಡುವು ಸಿಗುತ್ತದೆ.

ಎರಡು ವರ್ಷ ದುಡಿದು ಆಮೇಲೆ ಓದುವುದು

ಈಗಲೋ ಎಂದೂ ಇಲ್ಲವೋ ಎಂಬಂತೆ ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಅಗತ್ಯವಿಲ್ಲ. ಎರಡು ವರ್ಷ ಕೆಲಸ ಮಾಡಿ ಆಮೇಲೆ ಎಂಬಿಎಗೆ ಹೋದರೆ ನಷ್ಟ ಎಷ್ಟು? ಆಗ ಬಿಟ್ಟುಕೊಡಬೇಕಾದ ಸಂಬಳ 4.99 ಲಕ್ಷದ ಬದಲು 5.82 ಲಕ್ಷ, ಅಂದರೆ 83,000 ಹೆಚ್ಚು. ಹೆಚ್ಚುವರಿ ಸಂಬಳ ಪಡೆಯಲು ಸಿಗುವ ವರ್ಷಗಳಲ್ಲಿ ಎರಡು ಕಡಿಮೆ. ಶುಲ್ಕವೂ ಸ್ವಲ್ಪ ಏರಿರಬಹುದು.

ಇದಕ್ಕೆ ಪ್ರತಿಯಾಗಿ ಸಿಗುವುದನ್ನು ನೋಡಿ. ಮನೆಯಲ್ಲಿದ್ದುಕೊಂಡು ತಿಂಗಳಿಗೆ 10,000 ಉಳಿಸಿದರೆ ಎರಡು ವರ್ಷದಲ್ಲಿ 2.4 ಲಕ್ಷ. 6 ಲಕ್ಷದ ಸಾಲ 3.6 ಲಕ್ಷಕ್ಕೆ ಇಳಿಯುತ್ತದೆ. ಏಳು ವರ್ಷದ ಕಂತಿನ ಕಥೆ ಅಲ್ಲಿಗೇ ಹಗುರಾಗುತ್ತದೆ. ಅನುಭವವಿರುವವರನ್ನು ಒಳ್ಳೆಯ ಎಂಬಿಎ ಸಂಸ್ಥೆಗಳೂ, ಆಮೇಲೆ ಕಂಪನಿಗಳೂ ಬೇರೆಯಾಗಿಯೇ ನೋಡುತ್ತವೆ. ಕ್ಯಾಟ್ ಅಥವಾ ಪಿಜಿಸಿಇಟಿಗೆ ಸರಿಯಾಗಿ ತಯಾರಾಗಲು ಸಮಯ ಸಿಗುತ್ತದೆ, ಇನ್ನಷ್ಟು ಮೇಲಿನ ಸಂಸ್ಥೆಗೆ ಅಥವಾ ಕಡಿಮೆ ಶುಲ್ಕದ ಸೀಟಿಗೆ ಪ್ರಯತ್ನಿಸಬಹುದು. ಇವೆಲ್ಲಕ್ಕಿಂತ ದೊಡ್ಡದು, ನಾವು ಊಹಿಸಿ ಹಾಕಿದ ಶೇಕಡ 8 ನಿಜವೋ ಶೇಕಡ 3 ನಿಜವೋ ಎಂಬುದು ಆ ಹೊತ್ತಿಗೆ ಅವಳ ಸಂಬಳದ ಚೀಟಿಯಲ್ಲೇ ಬರೆದಿರುತ್ತದೆ. ಹದಿನಾರು ವರ್ಷ ಮತ್ತು ಒಂಬತ್ತು ವರ್ಷದ ನಡುವಿನ ವ್ಯತ್ಯಾಸ ಆ ಒಂದು ಅಂಕಿಯದ್ದಾಗಿರುವಾಗ, ಅದನ್ನು ತಿಳಿಯಲು 83,000 ಕೊಡುವುದು ಹೆಚ್ಚಲ್ಲ.

ಕೆಲಸ ಬಿಡದೆಯೇ ಓದುವ ದಾರಿಯೂ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಇಗ್ನೋ, ಯುಜಿಸಿ ಮಾನ್ಯತೆಯ ಆನ್‌ಲೈನ್ ಕೋರ್ಸುಗಳು. ಇಲ್ಲಿ ಬಿಟ್ಟುಕೊಡುವ ಸಂಬಳ ಸೊನ್ನೆ, ಶುಲ್ಕವೂ ಕಡಿಮೆ. ಕ್ಯಾಂಪಸ್ ನೇಮಕಾತಿ ಇಲ್ಲ, ಗುರುತಿನ ಬಲವೂ ಕಡಿಮೆ. ಈಗಿರುವ ಕಚೇರಿಯಲ್ಲೇ ಮೇಲಿನ ಹುದ್ದೆಗೆ ಸ್ನಾತಕೋತ್ತರ ಪದವಿ ಕೇಳುತ್ತಾರೆ ಎಂದಾದರೆ ಇದು ಎಲ್ಲಕ್ಕಿಂತ ಅಗ್ಗದ ದಾರಿ. ಹೊಸ ಕ್ಷೇತ್ರಕ್ಕೆ ಹಾರಲು ಪದವಿ ಬೇಕಾಗಿರುವವರಿಗೆ ಇದು ಅಷ್ಟಾಗಿ ಒದಗುವುದಿಲ್ಲ.

ಕಾಯುವುದರಲ್ಲಿ ಒಂದು ಅಪಾಯ ಮಾತ್ರ ಇದೆ. ಸಂಬಳ ಬರಲು ಶುರುವಾದ ಮೇಲೆ ದ್ವಿಚಕ್ರ ವಾಹನದ ಸಾಲ, ಮೊಬೈಲಿನ ಕಂತು, ಮನೆಯ ಜವಾಬ್ದಾರಿ ಒಂದೊಂದಾಗಿ ಸೇರಿಕೊಂಡು ಮತ್ತೆ ಓದಲು ಹೋಗುವುದು ಆಗದೇ ಹೋಗಬಹುದು. ಆದ್ದರಿಂದ ಕೆಲಸಕ್ಕೆ ಸೇರುವ ದಿನವೇ ಆ 10,000 ರೂಪಾಯಿಗೆ ಬೇರೆ ಆವರ್ತಕ ಠೇವಣಿ ತೆರೆದು, ಸಂಬಳದ ಮರುದಿನ ತಾನಾಗಿ ಅಲ್ಲಿಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಬೇಕು, ಅವಧಿ ಇಪ್ಪತ್ತನಾಲ್ಕು ತಿಂಗಳು.